ಹಳೇಬೀಡಿನ ಗೋಡೆಯ ಮುಂದಿನ ಬೋರ್ಡ್: ಒಂದು ಶಾಟ್ ರಿಪೇರಿಯ ಟಿಪ್ಪಣಿ

ಅಕ್ಕನ ಮಗಳ ರಂಗಪ್ರವೇಶಕ್ಕೆ ವೇದಿಕೆಯ ಹಿಂದಿನ ಎಲ್‌ಇಡಿ ಪರದೆಯಲ್ಲಿ ಓಡಿಸಲು ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಒಂದು ನಿಧಾನ ಶಾಟ್ ಬೇಕಿತ್ತು. ದೇವಸ್ಥಾನ ನಿಂತಿರುವ ಎತ್ತರದ ಕಟ್ಟೆಯಾದ ಜಗತಿಯ ಮೇಲೆ ಗೋಡೆಗೆ ಸಮಾನಾಂತರವಾಗಿ ಎಡದಿಂದ ಬಲಕ್ಕೆ ನಡೆಯುತ್ತಾ ತೆಗೆದ ಆರು ಸೆಕೆಂಡಿನ ಶಾಟ್ ಅದು. ಕಷ್ಟ ಏನೆಂದರೆ ಕಬ್ಬಿಣದ ಕಂಬಕ್ಕೆ ಹಾಕಿದ, ಶಿಲ್ಪಗಳನ್ನು ಮುಟ್ಟಬೇಡಿ ಎನ್ನುವ ಬೋರ್ಡ್ ಸರಿಯಾಗಿ ನಡುವಿನಲ್ಲೇ ನಿಂತಿದೆ. ಬೋರ್ಡ್ ಅಲ್ಲಿ ಇರಲೇಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಹುಡುಗಿ ನೃತ್ಯ ಮಾಡುವಾಗ ಅವಳ ಹಿಂದೆ ಹತ್ತಡಿ ಎತ್ತರದ ಪರದೆಯಲ್ಲಿ ಆ ಅಕ್ಷರಗಳು ತೇಲಿಹೋದರೆ ಸಭೆಯ ಕಣ್ಣೆಲ್ಲ ಅಲ್ಲಿಗೇ ಹೋಗುತ್ತದೆ. ಡಾವಿಂಚಿ ರಿಸಾಲ್ವ್ ಎಂಬ ವೀಡಿಯೊ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲಿ, ಎಫೆಕ್ಟ್ ಕೆಲಸಕ್ಕೆಂದೇ ಇರುವ ಫ್ಯೂಷನ್ ಪುಟದಲ್ಲಿ ಅದನ್ನು ತೆಗೆದ ಕೆಲಸವನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದದ್ದು, ಬೋರ್ಡಿನ ಜಾಗಕ್ಕೆ ಏನನ್ನು ತಂದು ತುಂಬುವುದು ಎಂಬುದು. ಪಕ್ಕದ ಕಲ್ಲನ್ನು ನಕಲು ಮಾಡಿ ಅಂಟಿಸುವುದು ಬೇಗ ಮುಗಿಯುವ ದಾರಿ. ಬೋಳು ಗೋಡೆಗಾದರೆ ಅದೇ ಸಾಕು. ಇಲ್ಲಿ ಬೋರ್ಡಿನ ಹಿಂದೆ ಇರುವುದು ತಳದ ಪಟ್ಟಿಕೆಗಳು: ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಆಮೇಲೆ ಬಳ್ಳಿಯ ಸುರುಳಿ. ಶೂಟಿಂಗ್ ದಿನ ನಮ್ಮ ಜೊತೆ ನಿಂತಿದ್ದ ಗೈಡ್ ಒಬ್ಬರು, "ಸಾರ್, ಒಂದಾನೆ ಥರ ಇನ್ನೊಂದಾನೆ ಇಲ್ಲ, ಬೇಕಾದ್ರೆ ಕೂತು ನೋಡಿ" ಅಂದಿದ್ದರು. ಕೂತು ನೋಡಿದೆ. ಒಂದರ ಸೊಂಡಿಲು ಮುಂದಿನ ಆನೆಯ ಬಾಲವನ್ನು ಹಿಡಿಯಲು ಹೋದಂತಿದೆ, ಪಕ್ಕದ್ದು ಸೊಂಡಿಲನ್ನು ಒಳಕ್ಕೆ ಸುತ್ತಿಕೊಂಡಿದೆ, ಇನ್ನೊಂದರ ಕಿವಿಯ ತುದಿ ಮುರಿದಿದೆ. ಒಂದು ಆನೆಯನ್ನು ಎತ್ತಿ ಎರಡು ಕಡೆ ಇಟ್ಟರೆ ಸಭೆಯಲ್ಲಿ ಯಾರಿಗೂ ಗೊತ್ತಾಗದಿರಬಹುದು. ಆದರೂ ಆ ಶಿಲ್ಪಿಗಳು ಮಾಡದೇ ಇದ್ದದ್ದನ್ನು ಅವರ ಗೋಡೆಯ ಮೇಲೆ ಇಡಲು ನನಗೆ ಮನಸ್ಸು ಬರಲಿಲ್ಲ. ಹಾಗಾಗಿ ಬೋರ್ಡಿನ ಹಿಂದೆ ನಿಜಕ್ಕೂ ಯಾವ ಕಲ್ಲಿದೆಯೋ ಅದೇ ಕಲ್ಲನ್ನು, ಅದೇ ಶಾಟ್‌ನ ಬೇರೆ ಫ್ರೇಮ್‌ನಿಂದ ತರಬೇಕು ಎಂದು ನಿಶ್ಚಯಿಸಿದೆ.

ಕ್ಯಾಮೆರಾ ನಡೆಯುತ್ತಿರುವುದರಿಂದಲೇ ಇದು ಸಾಧ್ಯ. ಹಾಸನದಿಂದ ಬರುವಾಗ ಬಸ್ಸಿನ ಕಿಟಕಿಯಲ್ಲಿ ರಸ್ತೆ ಬದಿಯ ಮರ ಓಡಿದಷ್ಟು ವೇಗವಾಗಿ ದೂರದ ಗುಡ್ಡ ಓಡುವುದಿಲ್ಲವಲ್ಲ, ಹಾಗೆಯೇ ಹತ್ತಿರದ ಬೋರ್ಡ್ ಹಿಂದಿನ ಗೋಡೆಗಿಂತ ವೇಗವಾಗಿ ಸರಿಯುತ್ತದೆ. ಈಗ ಮುಚ್ಚಿಹೋದ ಆನೆ ಇನ್ನೊಂದು ಗಳಿಗೆಯಲ್ಲಿ ಬಯಲಾಗುತ್ತದೆ. ಎಷ್ಟು ನಡೆದರೆ ಬಯಲಾಗುತ್ತದೆ ಎಂಬುದಕ್ಕೆ ಸುಲಭದ ಲೆಕ್ಕವಿದೆ:

```
ಬೋರ್ಡ್ ಮರೆಮಾಡುವ ಅಗಲ = ಬೋರ್ಡಿನ ಅಗಲ × (ಗೋಡೆಯ ದೂರ ÷ ಬೋರ್ಡಿನ ದೂರ)
ಮರೆ ಸರಿಯುವ ದೂರ = ನಡೆದ ದೂರ × (ಗೋಡೆಯ ದೂರ ÷ ಬೋರ್ಡಿನ ದೂರ − 1)
```

ನನ್ನ ಶಾಟ್‌ನಲ್ಲಿ ಕ್ಯಾಮೆರಾದಿಂದ ಗೋಡೆ ಸುಮಾರು 12 ಅಡಿ, ಬೋರ್ಡ್ 6 ಅಡಿ. ಬೋರ್ಡಿನ ಅಗಲ ಒಂದೂವರೆ ಅಡಿ. ಹಾಗಾಗಿ ಅದು ಗೋಡೆಯ ಮೇಲೆ 3 ಅಡಿ ಅಗಲವನ್ನು ಮರೆಮಾಡುತ್ತದೆ, ನಾನು 3 ಅಡಿ ನಡೆದರೆ ಆ ಜಾಗ ಪೂರ್ತಿ ಬಯಲಾಗುತ್ತದೆ. ಸೆಕೆಂಡಿಗೆ ಒಂದಡಿಯಂತೆ ನಡೆದಿದ್ದೆ, ಸೆಕೆಂಡಿಗೆ 25 ಫ್ರೇಮ್. ಅಂದರೆ ಯಾವುದೇ ಕಲ್ಲು ಮರೆಯಾಗಿದ್ದರೂ ಅದರ ಸ್ವಚ್ಛ ಚಿತ್ರ 75 ಫ್ರೇಮ್ ಆಚೆ ಇಲ್ಲವೇ ಈಚೆ ಸಿಕ್ಕೇ ಸಿಗುತ್ತದೆ. ಈ ಲೆಕ್ಕವನ್ನು ಜಗತಿಯ ಮೇಲೆ ನಿಂತೇ ಮಾಡಿಕೊಂಡಿದ್ದರಿಂದ, ಬೇಕಾದ ಆರಡಿಯ ಹಿಂದೆ ಮೂರಡಿ, ಮುಂದೆ ಮೂರಡಿ ಹೆಚ್ಚಾಗಿಯೇ ನಡೆದು ರೆಕಾರ್ಡ್ ಮಾಡಿದ್ದೆ. ಒಟ್ಟು 300 ಫ್ರೇಮ್. ಅದರಲ್ಲಿ 75ರಿಂದ 225ರವರೆಗಿನದು ಪರದೆಗೆ, ಉಳಿದದ್ದು ತುಂಬಲು.

ಶೂಟಿಂಗ್‌ನಲ್ಲಿ ಇನ್ನೆರಡು ವಿಷಯ ಕೆಲಸ ಉಳಿಸಿದವು. ಒಂದು, ಕ್ಯಾಮೆರಾದ ಎತ್ತರ. ಕ್ಯಾಮೆರಾ 5 ಅಡಿಯಲ್ಲಿತ್ತು, ಬೋರ್ಡಿನ ಮೇಲಂಚು ಮೂರೂವರೆ ಅಡಿಯಲ್ಲಿ. ಕಣ್ಣಿನ ಗೆರೆ ಬೋರ್ಡಿನ ಮೇಲಂಚನ್ನು ಸವರಿ ಗೋಡೆ ಮುಟ್ಟುವಾಗ 2 ಅಡಿ ಎತ್ತರಕ್ಕೆ ಇಳಿದಿರುತ್ತದೆ. ಹಾಗಾಗಿ ಬೋರ್ಡ್ ಮರೆಮಾಡಿದ್ದು ತಳದ ಪಟ್ಟಿಕೆಗಳನ್ನು ಮಾತ್ರ, ಮೇಲಿನ ದೊಡ್ಡ ವಿಗ್ರಹಗಳನ್ನಲ್ಲ. ಕ್ಯಾಮೆರಾವನ್ನು ಬೋರ್ಡಿನ ಮಟ್ಟಕ್ಕಿಂತ ತೀರಾ ಕೆಳಕ್ಕೆ ಇಳಿಸಿದ್ದರೆ ಆಳವಾಗಿ ಕೊರೆದ ಆ ವಿಗ್ರಹಗಳ ಮೇಲೇ ಬೋರ್ಡ್ ಕೂರುತ್ತಿತ್ತು. ಅದು ಎಷ್ಟು ಕಷ್ಟ ಎಂಬುದನ್ನು ಮುಂದೆ ಹೇಳುತ್ತೇನೆ. ಎರಡನೆಯದು, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಲಾಕ್ ಮಾಡಿದ್ದು. ಆಟೋದಲ್ಲಿ ಬಿಟ್ಟರೆ ಬಿಳಿ ಬೋರ್ಡ್ ಫ್ರೇಮಿನೊಳಗೆ ಬಂದಾಗ ಕ್ಯಾಮೆರಾ ಇಡೀ ಗೋಡೆಯನ್ನು ಕತ್ತಲು ಮಾಡುತ್ತದೆ, ಆಗ ಬೇರೆ ಫ್ರೇಮಿನಿಂದ ತಂದ ಕಲ್ಲು ತೇಪೆಯಂತೆ ಕಾಣುತ್ತದೆ. ಜಗತಿಯ ಮೇಲೆ ಬರಿಗಾಲಿನಲ್ಲಿ ನಡೆಯಬೇಕು, ಮಧ್ಯಾಹ್ನ ಕಲ್ಲು ಕಾದಿದ್ದರೆ ಹೆಜ್ಜೆ ತಾನಾಗಿಯೇ ಅವಸರವಾಗುತ್ತದೆ. ಬಿಸಿಲು ತಗ್ಗಿದ ಮೇಲೆ ಪಶ್ಚಿಮದ ಗೋಡೆಗೆ ಹೋದರೆ ಬೆಳಕೂ ಓರೆಯಾಗಿ ಬೀಳುತ್ತದೆ, ನಡಿಗೆಯೂ ಸಮವಾಗಿರುತ್ತದೆ.

ಇನ್ನು ಕಂಪ್ಯೂಟರಿನ ಕೆಲಸ. ಬೋರ್ಡ್ ತೆಗೆಯುವುದೆಂದರೆ ಬೋರ್ಡನ್ನು ಟ್ರ್ಯಾಕ್ ಮಾಡಿ, ಅಂದರೆ ಅದು ಫ್ರೇಮಿನಿಂದ ಫ್ರೇಮಿಗೆ ಹೇಗೆ ಸರಿಯುತ್ತದೆ ಎಂದು ಸಾಫ್ಟ್‌ವೇರಿನಿಂದ ಗುರುತಿಸಿಕೊಂಡು, ಆ ಚಲನೆಗೇ ಕಲ್ಲಿನ ತುಂಡನ್ನು ಕಟ್ಟುವುದು ಎಂದು ಅನೇಕರು ಅಂದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಕಲ್ಲು ಬೋರ್ಡಿನ ವೇಗದಲ್ಲಿ ಗೋಡೆಯ ಮೇಲೆ ಜಾರುತ್ತದೆ. ಬೋರ್ಡ್ ಇರುವುದಿಲ್ಲ, ಆದರೆ ಬೋರ್ಡಿನ ಆಕಾರದ ಕಲ್ಲೊಂದು ಗೋಡೆಯ ಮುಂದೆ ತೇಲುತ್ತಿರುತ್ತದೆ. ಇಲ್ಲಿ ಎರಡು ಬೇರೆ ಬೇರೆ ಚಲನೆಗಳಿವೆ. ಎಲ್ಲಿ ಮುಚ್ಚಬೇಕು ಎಂದು ಹೇಳುವ ಮಾಸ್ಕ್ ಬೋರ್ಡಿನ ಜೊತೆ ಹೋಗಬೇಕು, ಏನನ್ನು ಮುಚ್ಚಬೇಕು ಎಂಬ ಕಲ್ಲಿನ ಚಿತ್ರ ಗೋಡೆಯ ಜೊತೆ ಹೋಗಬೇಕು.

ಬೋರ್ಡಿನ ಮಾಸ್ಕ್ ಸುಲಭ. ಅದು ಸಪಾಟು, ಅಕ್ಷರಗಳಿವೆ, ಅಂಚುಗಳು ಸ್ಪಷ್ಟ. ಫ್ಯೂಷನ್‌ನಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ನೋಡ್ ಇರುತ್ತದೆ, ಅವನ್ನು ಒಂದಕ್ಕೊಂದು ಜೋಡಿಸಬೇಕು. ಸಪಾಟು ಮೇಲ್ಮೈಯ ಚಲನೆ ಹಿಡಿಯುವ `PlanarTracker` ನೋಡ್‌ನಲ್ಲಿ ಬೋರ್ಡಿನ ಸುತ್ತ ಪಾಲಿಗನ್ ಎಳೆದು, ಮೋಷನ್ ಟೈಪ್ `Perspective` ಇಟ್ಟು ಎರಡೂ ದಿಕ್ಕಿಗೆ ಟ್ರ್ಯಾಕ್ ಮಾಡಿದೆ. ಆಮೇಲೆ `Create Planar Transform` ಒತ್ತಿ, ಬಂದ ನೋಡ್‌ಗೆ ಹೊಸದೊಂದು `Polygon` ಮಾಸ್ಕ್ ಕಟ್ಟಿದೆ. ಈ ಮಾಸ್ಕ್ ಬೋರ್ಡು, ಕಂಬ ಎರಡನ್ನೂ ಒಳಗೊಂಡು, ಸುತ್ತ ಹತ್ತು ಹದಿನೈದು ಪಿಕ್ಸೆಲ್ ದೊಡ್ಡದಾಗಿರಬೇಕು. ಬೋರ್ಡ್ ಓಡುತ್ತಿರುವುದರಿಂದ ಅದರ ಅಂಚು ಚಲನೆಯ ಮಸುಕಿನಲ್ಲಿ ಎರಡೂ ಕಡೆ ಹರಡಿರುತ್ತದೆ. ಮಾಸ್ಕನ್ನು ಅಂಚಿಗೆ ಸರಿಯಾಗಿ ಕತ್ತರಿಸಿದರೆ ಬೋರ್ಡ್ ಹೋದ ಮೇಲೂ ಅದರ ಗಡಿರೇಖೆಯೊಂದು ತೆಳ್ಳಗೆ ಉಳಿಯುತ್ತದೆ.

ಗೋಡೆಯ ಟ್ರ್ಯಾಕ್‌ನಲ್ಲಿ ಹೊಯ್ಸಳರ ವಾಸ್ತು ಅಡ್ಡ ಬಂತು. ಪ್ಲೇನಾರ್ ಟ್ರ್ಯಾಕರ್ ತನಗೆ ಕೊಟ್ಟ ಪ್ರದೇಶ ಒಂದೇ ಸಪಾಟು ಹಲಗೆ ಎಂದುಕೊಂಡು ಲೆಕ್ಕ ಹಾಕುತ್ತದೆ. ಇಲ್ಲಿನ ಗೋಡೆ ಸಪಾಟಲ್ಲ. ತಳವಿನ್ಯಾಸವೇ ಕೋನಕೋನವಾಗಿದೆ, ಗೋಡೆ ಮುಂದಕ್ಕೆ ಚಾಚಿ, ಮೂಲೆ ತಿರುಗಿ, ಒಳಕ್ಕೆ ಸರಿದು ಮತ್ತೆ ಮುಂದಕ್ಕೆ ಬರುತ್ತದೆ. ಇಡೀ ಗೋಡೆಗೆ ಒಂದೇ ಪಾಲಿಗನ್ ಎಳೆದರೆ ಟ್ರ್ಯಾಕರ್ ದೂರು ಹೇಳದೆ ಕೊನೆಯವರೆಗೂ ಓಡುತ್ತದೆ, ಆದರೆ ಪಾಲಿಗನ್ ಮೆಲ್ಲಗೆ ಸೊಟ್ಟಗಾಗುತ್ತಾ ಹೋಗುತ್ತದೆ: ಎಡ ತುದಿಯಲ್ಲಿ ಪಟ್ಟಿಕೆಯ ಗೆರೆಗೆ ಕೂತಿದ್ದರೆ ಬಲ ತುದಿಯಲ್ಲಿ ಅರ್ಧ ಬೆರಳು ಮೇಲೆ. ಅದಕ್ಕೆ ಉಪಾಯ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗಿನ ಒಂದೊಂದು ಮುಖವನ್ನೂ ಬೇರೆ ಬೇರೆ ಟ್ರ್ಯಾಕ್ ಮಾಡುವುದು. ನನ್ನ ಶಾಟ್‌ನಲ್ಲಿ ಬೋರ್ಡ್ ಹಾದುಹೋದದ್ದು ಮೂರು ಮುಖಗಳ ಮೇಲೆ, ಒಂದೊಂದೂ ಹೆಚ್ಚು ಕಡಿಮೆ 3 ಅಡಿ ಅಗಲ. ಮೊದಲು ಬಲ ಮುಖ ಮರೆಯಾಗಿರುತ್ತದೆ, ಆಮೇಲೆ ನಡುವಿನದು, ಕೊನೆಗೆ ಎಡ ಮುಖ. ತುಂಡುಗಳ ಜೋಡಣೆಯ ಗೆರೆ ಗೋಡೆಯ ಮೂಲೆಯ ಮೇಲೇ ಬೀಳುವುದರಿಂದ ಅದು ಕಣ್ಣಿಗೆ ಕಾಣುವುದೂ ಇಲ್ಲ.

ಪ್ರತಿ ಮುಖದ ಟ್ರ್ಯಾಕರ್‌ಗೂ ಬೋರ್ಡಿನ ಮಾಸ್ಕನ್ನು ಆಕ್ಲೂಷನ್ ಮಾಸ್ಕ್ ಆಗಿ, ಅಂದರೆ ಈ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎನ್ನುವ ಗುರುತಾಗಿ, ಕೊಡಬೇಕು. ಇಲ್ಲದಿದ್ದರೆ ಬೋರ್ಡ್ ಮುಖದ ಮೇಲೆ ಬಂದಾಗ ಟ್ರ್ಯಾಕರ್ ಕಲ್ಲನ್ನು ಬಿಟ್ಟು, ಹೆಚ್ಚು ಸ್ಪಷ್ಟವಾಗಿರುವ ಅಕ್ಷರಗಳ ಬೆನ್ನು ಹತ್ತುತ್ತದೆ. ಪಾಲಿಗನ್ ಎಳೆಯುವಾಗ ಬೋರ್ಡ್ ಎಂದೂ ಮುಟ್ಟದ ಮೇಲಿನ ಪಟ್ಟಿಕೆಗಳನ್ನೂ ಒಳಗೆ ಸೇರಿಸಿಕೊಂಡೆ. ಬಳಪದ ಕಲ್ಲಿನ ಸೂಕ್ಷ್ಮ ಕೆತ್ತನೆಯಲ್ಲಿ ಟ್ರ್ಯಾಕರ್‌ಗೆ ಹಿಡಿಯಲು ಬೇಕಾದಷ್ಟು ಚುಕ್ಕೆಗಳು ಸಿಗುತ್ತವೆ. ಈ ವಿಷಯದಲ್ಲಿ ಹಳೇಬೀಡಿನ ಗೋಡೆ ಸುಣ್ಣ ಬಳಿದ ಗೋಡೆಗಿಂತ ನೂರು ಪಾಲು ಮೇಲು.

ಇನ್ನು ಪ್ಲೇಟ್, ಅಂದರೆ ಬೋರ್ಡಿಲ್ಲದ ಸ್ವಚ್ಛ ಫ್ರೇಮ್. ಎಡ ಮುಖದ ಮೇಲೆ ಬೋರ್ಡ್ ಬರುವುದು 150ನೇ ಫ್ರೇಮಿನಲ್ಲಿ, ಹಾಗಾಗಿ ಅದಕ್ಕೆ 145ನೇ ಫ್ರೇಮ್. ಬಲ ಮುಖ 150ಕ್ಕೆ ಬಯಲಾಗುತ್ತದೆ, ಅದಕ್ಕೆ 155. ನಡು ಮುಖಕ್ಕೆ ಒಂದೇ ಪ್ಲೇಟ್ ಸಾಲದು. ಅದು 75ರಿಂದ 225ರವರೆಗೂ ಸ್ವಲ್ಪವಾದರೂ ಮರೆಯಾಗಿರುತ್ತದೆ. ಅದಕ್ಕೆ ಬೋರ್ಡ್ ಬರುವ ಮುಂಚಿನ 70ನೇ ಫ್ರೇಮ್ ಒಂದು, ಬೋರ್ಡ್ ದಾಟಿದ ಮೇಲಿನ 230 ಇನ್ನೊಂದು. ಪ್ಲೇಟ್ ಯಾವ ಫ್ರೇಮಿನದೋ, ಆ ಮುಖದ ಟ್ರ್ಯಾಕರ್‌ನ ರೆಫರೆನ್ಸ್ ಟೈಮ್ ಅದೇ ಫ್ರೇಮ್ ಆಗಿರಬೇಕು. ಆಗ ಆ ಫ್ರೇಮಿನಲ್ಲಿ ಚಿತ್ರ ಇದ್ದಲ್ಲೇ ಕೂತು, ಅಲ್ಲಿಂದ ಎರಡೂ ಕಡೆಗೆ ಗೋಡೆಯ ಜೊತೆ ಸರಿಯುತ್ತದೆ. ಹಾಗಾಗಿ ನಡು ಮುಖವನ್ನು ಎರಡು ಬಾರಿ ಟ್ರ್ಯಾಕ್ ಮಾಡಿದೆ. ಒಂದು ಪ್ಲೇಟಿನ ನೋಡ್ ಸರಣಿ ಹೀಗಿರುತ್ತದೆ:

```
MediaIn1 → TimeStretcher1 → MatteControl1 → PlanarTransform1 → Merge1
```

`TimeStretcher`ನಲ್ಲಿ `Source Time` ಅನ್ನು ಎಲ್ಲ ಫ್ರೇಮಿಗೂ 145 ಎಂದೇ ನಿಲ್ಲಿಸಿದರೆ ಚಿತ್ರ ಸ್ತಬ್ಧವಾಗುತ್ತದೆ. `MatteControl`ಗೆ ಆ ಒಂದು ಮುಖದ ಆಕಾರದ ಪಾಲಿಗನ್ ಕೊಟ್ಟು ಉಳಿದ ಗೋಡೆಯನ್ನು ಕತ್ತರಿಸುತ್ತೇನೆ. ಇಲ್ಲಿ `Post Multiply Image` ಟಿಕ್ ಮಾಡಲೇಬೇಕು, ಬಿಟ್ಟರೆ ಕತ್ತರಿಸಿದ ಭಾಗದಿಂದಲೂ ಬೆಳಕು ಸೋರಿ ಗೋಡೆ ಬೆಳ್ಳಗಾಗುತ್ತದೆ. ಪ್ಲೇಟನ್ನು ಶಾಟ್‌ನ ಮೇಲೆ ಕೂರಿಸುವ ಕೊನೆಯ `Merge`ನ ಎಫೆಕ್ಟ್ ಮಾಸ್ಕ್‌ಗೆ ಬೋರ್ಡಿನ ಮಾಸ್ಕ್. ನಾಲ್ಕು ಪ್ಲೇಟಿಗೂ ಇದೇ ಸರಣಿ.

ಜೋಡಣೆ ಸರಿಯಿದೆಯೋ ಇಲ್ಲವೋ ಎಂದು ಬರಿಗಣ್ಣಿನಲ್ಲಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇದೆ. ಬೋರ್ಡಿನ ಮಾಸ್ಕನ್ನು ತಾತ್ಕಾಲಿಕವಾಗಿ ಬಿಚ್ಚಿ, `Merge`ನ ಅಪ್ಲೈ ಮೋಡ್ ಅನ್ನು `Difference`ಗೆ ಬದಲಾಯಿಸಬೇಕು. ಪ್ಲೇಟಿನ ಕಲ್ಲು, ಶಾಟ್‌ನ ಕಲ್ಲು ಒಂದರ ಮೇಲೊಂದು ಸರಿಯಾಗಿ ಕೂತಿದ್ದರೆ ಆ ಜಾಗ ಕಪ್ಪಾಗುತ್ತದೆ. ತಪ್ಪಿದ್ದಲ್ಲಿ ಕೆತ್ತನೆಯ ಅಂಚುಗಳು ಬೆಳ್ಳಗೆ ಎದ್ದು ಕಾಣುತ್ತವೆ. ನನಗೆ ಎಡ ಮುಖದಲ್ಲಿ 150ರ ಹತ್ತಿರ ಪೂರ್ತಿ ಕಪ್ಪಿತ್ತು. 225ರ ಕಡೆಗೆ ಹೋದಂತೆ, ಬೋರ್ಡ್ ಇನ್ನೂ ಮುಚ್ಚದ ಭಾಗದಲ್ಲಿ ಸಮತಲದ ಪಟ್ಟಿಗಳು ಕಪ್ಪಾಗಿಯೇ ಉಳಿದು, ಆನೆಗಳ ಹಣೆ ಮತ್ತು ಸೊಂಡಿಲಿನ ಸುತ್ತ ಮಾತ್ರ ಬಿಳಿ ಗೆರೆ ಮೂಡಿತ್ತು. ಪಟ್ಟಿ ಕಪ್ಪಾಗಿದ್ದು ಉಬ್ಬು ಮಾತ್ರ ಬೆಳ್ಳಗಿದ್ದರೆ ಟ್ರ್ಯಾಕ್ ಸರಿಯಾಗಿಯೇ ಇದೆ ಎಂದರ್ಥ, ತಪ್ಪಿರುವುದು ಆಳ. ಆನೆ ಗೋಡೆಯ ಹಲಗೆಗಿಂತ ಎರಡು ಅಂಗುಲ ಮುಂದಿದೆ. ಕ್ಯಾಮೆರಾ 3 ಅಡಿ ಸರಿದಾಗ ಆ ಎರಡಂಗುಲ, 24 ಮಿಮೀ ಲೆನ್ಸಿನ 4ಕೆ ಚಿತ್ರದಲ್ಲಿ ಸುಮಾರು 9 ಪಿಕ್ಸೆಲ್ ವ್ಯತ್ಯಾಸ ತರುತ್ತದೆ. ಅರ್ಧ ಅಡಿ ಹೊರಚಾಚಿದ ದೊಡ್ಡ ವಿಗ್ರಹವಾಗಿದ್ದರೆ ಅದೇ ಲೆಕ್ಕ 28 ಪಿಕ್ಸೆಲ್ ಹತ್ತಿರ ಹೋಗುತ್ತದೆ. ಅಷ್ಟಾದರೆ ಪ್ಲೇಟಿನ ಅಂಚಿನಲ್ಲಿ ವಿಗ್ರಹದ ಕೈ ಎರಡು ತುಂಡಾಗಿ ಕಾಣುತ್ತದೆ, ಪ್ಲೇನಾರ್ ಟ್ರ್ಯಾಕರ್‌ನಿಂದ ಅದನ್ನು ಸರಿಮಾಡಲಾಗದು. ಕ್ಯಾಮೆರಾವನ್ನು ಎತ್ತರದಲ್ಲಿ ಇಟ್ಟದ್ದಕ್ಕೆ ಸಿಕ್ಕ ಫಲ ಇದು.

9 ಪಿಕ್ಸೆಲ್ ಅನ್ನೂ ಸುಮ್ಮನೆ ಬಿಡುವಂತಿಲ್ಲ, ಆದರೆ ಅದನ್ನು ಮರೆಸುವುದು ಕಷ್ಟವಲ್ಲ. ಬೋರ್ಡಿನ ಮಾಸ್ಕಿನ ಅಂಚನ್ನು ಮೆದು ಮಾಡಿದೆ, ಮತ್ತು ಆ ಅಂಚು ಆನೆಯ ಮುಖವನ್ನು ಅಡ್ಡ ಕಡಿಯುತ್ತಿದ್ದ ಕೆಲವು ಫ್ರೇಮ್‌ಗಳಲ್ಲಿ ಮಾಸ್ಕನ್ನು ಎರಡು ಆನೆಗಳ ನಡುವಿನ ಸಂದಿಗೆ ತಳ್ಳಿದೆ. ಬೋರ್ಡ್ ಮರೆಮಾಡದಿರುವ ಒಂದಿಷ್ಟು ಕಲ್ಲೂ ಪ್ಲೇಟಿನಿಂದಲೇ ಬಂದರೆ ನಷ್ಟವೇನಿಲ್ಲ. ಇಡೀ ಆನೆ ಒಂದೇ ಕಡೆಯಿಂದ ಬಂದಿರಬೇಕು, ಅಷ್ಟೇ. ನಡು ಮುಖದಲ್ಲಿ 70ರ ಪ್ಲೇಟಿನಿಂದ 230ರ ಪ್ಲೇಟಿಗೆ ಬದಲಾವಣೆಯನ್ನು 150ರ ಆಸುಪಾಸಿನ ಎಂಟು ಫ್ರೇಮ್‌ಗಳಲ್ಲಿ ಡಿಸಾಲ್ವ್ ಮಾಡಿದೆ. ಎರಡೂ ಪ್ಲೇಟು ಆಗ ಸಮಾನ ದೂರದಲ್ಲಿರುತ್ತವೆ. ಸೊಂಡಿಲುಗಳು ತುಸು ಜರುಗುತ್ತವೆ, ಓಡುವ ಚಿತ್ರದಲ್ಲಿ ಹುಡುಕಿದರಷ್ಟೇ ಸಿಗುತ್ತದೆ.

ಗೋಡೆ ಮುಗಿದ ಮೇಲೆ ನೆಲ. ಇಲ್ಲಿ ವಿಷಯವೇ ಬೇರೆ. ಕಂಬದ ಬುಡ, ಬೋರ್ಡಿನ ನೆರಳು ಇವೆರಡೂ ನೆಲಕ್ಕೇ ಅಂಟಿಕೊಂಡಿವೆ. ನಾನು ಎಷ್ಟೇ ನಡೆದರೂ ಕಂಬದ ಬುಡ ಅದೇ ಚಪ್ಪಡಿಯ ಮೇಲೆ, ನೆರಳು ಅದೇ ಚಪ್ಪಡಿಯ ಮೇಲೆ. ಅವುಗಳ ಕೆಳಗಿನ ಕಲ್ಲು ಯಾವ ಫ್ರೇಮಿನಲ್ಲೂ ಬಯಲಾಗುವುದಿಲ್ಲ, ಹಾಗಾಗಿ ಗೋಡೆಗೆ ಬಳಸಿದ ಉಪಾಯ ಇಲ್ಲಿ ನಡೆಯದು. ಬೋರ್ಡ್ ತೆಗೆದು ನೆರಳು ಬಿಟ್ಟರೆ ಏನು ಕಾಣೆಯಾಗಿದೆ ಎಂದು ನೋಡುವವರಿಗೆ ತಕ್ಷಣ ಹೊಳೆಯುತ್ತದೆ.

ನೆರಳಿನ ಒಳಗೆ ಚಪ್ಪಡಿಯ ವಿವರವೆಲ್ಲ ಹಾಗೇ ಇರುತ್ತದೆ, ಬೆಳಕು ಮಾತ್ರ ಕಡಿಮೆ. ಆದ್ದರಿಂದ ಅದನ್ನು ಮುಚ್ಚದೆ ಬೆಳಗಿಸಿದೆ. ನೆಲವನ್ನು ಇನ್ನೊಂದು ಪ್ಲೇನಾರ್ ಟ್ರ್ಯಾಕರ್‌ನಲ್ಲಿ ಹಿಡಿದು, ನೆರಳಿನ ಆಕಾರದ ಮಾಸ್ಕನ್ನು ಅದಕ್ಕೆ ಕಟ್ಟಿ, `ColorCorrector`ನಲ್ಲಿ ಗೇನ್ ಏರಿಸಿದೆ. ಮೂರು ಬಣ್ಣವನ್ನೂ ಒಂದೇ ಸಮ ಏರಿಸಿದರೆ ಆ ಜಾಗ ನೀಲಿಯಾಗಿ ಕಾಣುತ್ತದೆ, ಏಕೆಂದರೆ ನೆರಳಿಗೆ ಬರುವುದು ಆಕಾಶದ ಬೆಳಕು, ಸುತ್ತಲಿಗೆ ಬರುವುದು ಇಳಿಬಿಸಿಲು. ಕೆಂಪನ್ನು ಹೆಚ್ಚು, ಹಸಿರನ್ನು ಅದಕ್ಕಿಂತ ಕಡಿಮೆ, ನೀಲಿಯನ್ನು ಎಲ್ಲಕ್ಕಿಂತ ಕಡಿಮೆ ಏರಿಸಬೇಕು. ನೆರಳಿನ ಅಂಚು ಕಂಬದ ಬುಡದ ಹತ್ತಿರ ಚೂಪಾಗಿ, ದೂರ ಹೋದಂತೆ ಮಸುಕಾಗಿ ಇರುವುದರಿಂದ ಮಾಸ್ಕಿನ ಮೆದುತನವನ್ನೂ ಹಾಗೆಯೇ ಎರಡು ಭಾಗ ಮಾಡಬೇಕಾಯಿತು. ಉಳಿದ ಕಂಬದ ಬುಡವನ್ನು `Paint` ನೋಡ್‌ನ ಕ್ಲೋನ್‌ನಿಂದ ಪಕ್ಕದ ಚಪ್ಪಡಿಯ ಕಲ್ಲು ತಂದು ಮುಚ್ಚಿ, ಅದೇ ನೆಲದ ಟ್ರ್ಯಾಕ್‌ಗೆ ಕಟ್ಟಿದೆ. ಇದು ನಕಲೇ. ಕೆತ್ತನೆಯಿಲ್ಲದ ಅಂಗೈಯಗಲದ ನೆಲದಲ್ಲಿ ಅದಕ್ಕೆ ನನ್ನ ಆಕ್ಷೇಪವಿಲ್ಲ.

ಎಲ್ಲ ಸೇರಿಸಿ ಓಡಿಸಿದಾಗ ಬೋರ್ಡ್ ಹೋಗಿತ್ತು, ಆದರೆ ಅದು ಇದ್ದ ಆಯತ ಮಾತ್ರ ಸತ್ತಂತೆ ಕಾಣುತ್ತಿತ್ತು. ಕಾರಣ ಗ್ರೇನ್. ಶಾಟ್‌ನ ಉಳಿದ ಭಾಗದಲ್ಲಿ ಸೆನ್ಸರಿನ ನಾಯ್ಸ್ ಫ್ರೇಮಿನಿಂದ ಫ್ರೇಮಿಗೆ ಕುದಿಯುತ್ತಿರುತ್ತದೆ, ಸ್ತಬ್ಧ ಪ್ಲೇಟಿನಲ್ಲಿ ಅದು ಹೆಪ್ಪುಗಟ್ಟಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಇದು ಅಷ್ಟಾಗಿ ಗೊತ್ತಾಗದು, ಹತ್ತಡಿ ಪರದೆಯಲ್ಲಿ ಖಂಡಿತ ಗೊತ್ತಾಗುತ್ತದೆ. ಪ್ಲೇಟನ್ನು ಮೊದಲು `RemoveNoise`ನಿಂದ ತುಸು ನಯ ಮಾಡಿ, `Merge`ಗೆ ಹೋಗುವ ಮುಂಚೆ `FilmGrain` ಸೇರಿಸಿದೆ. ಎಷ್ಟು ಸೇರಿಸಬೇಕು ಎಂದು ಅಳೆಯಲು ವ್ಯೂವರ್‌ನಲ್ಲಿ `B` ಒತ್ತಿ ನೀಲಿ ಚಾನೆಲ್ ಒಂದನ್ನೇ ನೋಡಬೇಕು, ನಾಯ್ಸ್ ಹೆಚ್ಚಾಗಿ ಅಲ್ಲೇ ಸೇರಿಕೊಂಡಿರುತ್ತದೆ. ಚಿತ್ರವನ್ನು ದುಪ್ಪಟ್ಟು ಹಿಗ್ಗಿಸಿ, ಆಯತದ ಒಳಗೂ ಹೊರಗೂ ಕುದಿತ ಒಂದೇ ಥರ ಕಾಣುವವರೆಗೆ ಕಾಳಿನ ಗಾತ್ರ ಮತ್ತು ಬಲ ಹೊಂದಿಸಿದೆ.

ಒಂದು ಜಾಗ ಮಾತ್ರ ಕೈಯಲ್ಲೇ ಬಿಡಿಸಬೇಕಾಯಿತು. ನಡು ಮುಖ ಮತ್ತು ಎಡ ಮುಖ ಸೇರುವ ಒಳಮೂಲೆಯಲ್ಲಿ, ಒಂದು ಆನೆಯ ಹಿಂಗಾಲಿನ ಪಕ್ಕದ ಸಂದು ಒಂದೊಂದು ಕೋನದಿಂದ ಒಂದೊಂದು ಥರ ಕಾಣುತ್ತದೆ. 70ರ ಪ್ಲೇಟಿನಲ್ಲಿ ಅದು ಬೆಳಕಿನಲ್ಲಿದೆ, 230ರಲ್ಲಿ ಕಾಲು ಅದನ್ನು ಮುಚ್ಚಿದೆ, ಡಿಸಾಲ್ವ್ ಆಗುವಾಗ ಅಲ್ಲೊಂದು ಮಿಣುಕು. ಡಿಸಾಲ್ವ್‌ನ ಆ ಎಂಟು ಫ್ರೇಮ್‌ಗಳಲ್ಲಿ ಸಂದಿನ ಕತ್ತಲನ್ನು `Paint`ನಲ್ಲಿ ಒಂದೊಂದಾಗಿ ಹಚ್ಚಿದೆ.

ಬೋರ್ಡ್ ಗೋಡೆಯಿಂದ ಆರಡಿ ದೂರ ಇದ್ದದ್ದರಿಂದ ಇದೆಲ್ಲ ಒಂದೇ ಶಾಟ್‌ನೊಳಗೆ ಸಾಧ್ಯವಾಯಿತು. ಅದೇ ಬೋರ್ಡ್ ಗೋಡೆಗೆ ಒಂದೂವರೆ ಅಡಿ ಹತ್ತಿರ ನಿಂತಿದ್ದರೆ, ಮೇಲಿನ ಲೆಕ್ಕದ ಪ್ರಕಾರ ಅದರ ಹಿಂದಿನ ಕಲ್ಲು ಬಯಲಾಗಲು 12 ಅಡಿ ನಡೆಯಬೇಕಾಗುತ್ತದೆ. ಅಷ್ಟು ಹೊತ್ತಿಗೆ ನೋಡುವ ಕೋನವೇ ಪೂರ್ತಿ ಬದಲಾಗಿ ಪ್ಲೇಟ್ ಕೆಲಸಕ್ಕೆ ಬಾರದು. ಅಂಥ ಕಡೆ ಶಾಟ್ ಮುಗಿದ ಕೂಡಲೇ, ಬೆಳಕು ಬದಲಾಗುವ ಮುಂಚೆ, ಅದೇ ಲಾಕ್ ಮಾಡಿದ ಎಕ್ಸ್‌ಪೋಷರ್‌ನಲ್ಲಿ ಬೋರ್ಡಿನ ಎಡಕ್ಕೊಮ್ಮೆ ಬಲಕ್ಕೊಮ್ಮೆ ನಿಂತು, ಬೋರ್ಡಿನ ಹಿಂದಿನ ಗೋಡೆಯನ್ನು ಓರೆಯಿಂದ ಎರಡೆರಡು ಸೆಕೆಂಡ್ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು. ಸಪಾಟು ಪಟ್ಟಿಕೆಯಾದರೆ ಅದನ್ನು `CornerPositioner`ನಲ್ಲಿ ನಾಲ್ಕು ಮೂಲೆ ಎಳೆದು ಕೂರಿಸಬಹುದು.